ಕಲ್ಯಾಣ ಮಂಟಪಗಳ ಮಾಲೀಕರಿಗೆ: ಮುಂಗಡ ಹಣದ ಷರತ್ತನ್ನು ಕುರಿತು ಒಂದು ಬಹಿರಂಗ ಪತ್ರ

ಕರ್ನಾಟಕದ ಕಲ್ಯಾಣ ಮಂಟಪ, ಸಮುದಾಯ ಭವನ ಮತ್ತು ಛತ್ರಗಳ ಮಾಲೀಕರಿಗೂ, ಅವುಗಳನ್ನು ನಡೆಸುವ ಟ್ರಸ್ಟ್‌ಗಳ ಪದಾಧಿಕಾರಿಗಳಿಗೂ,



ಮದುವೆಗೆ ಮಂಟಪ ಗೊತ್ತುಮಾಡಲು ಬಂದ ಕುಟುಂಬದಿಂದ ತಮ್ಮ ಕಚೇರಿಯಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದವು ರಸೀದಿಯ ಹಿಂಬದಿಯಲ್ಲಿ ಅಚ್ಚಾದ ಹತ್ತು ಸಾಲಿನ ಷರತ್ತುಗಳಾಗಿರಲಿ, ಛಾಪಾ ಕಾಗದದ ಮೇಲಿನ ನಾಲ್ಕು ಪುಟಗಳ ಒಪ್ಪಂದವಾಗಿರಲಿ, ಕಾನೂನಿನ ಕಣ್ಣಿನಲ್ಲಿ ಅದೊಂದು ಕರಾರು. 1872ರ ಭಾರತೀಯ ಕರಾರು ಕಾಯ್ದೆಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಅದಕ್ಕೆ ಅನ್ವಯಿಸುತ್ತವೆ. ಇಂಥ ಕಾಗದಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಕಾಣಸಿಗುವ ಷರತ್ತೊಂದಿದೆ: ಯಾವುದೇ ಕಾರಣಕ್ಕೂ ಮುಂಗಡ ಹಣವನ್ನು ಹಿಂತಿರುಗಿಸಲಾಗುವುದಿಲ್ಲ. ದಪ್ಪ ಅಕ್ಷರಗಳಲ್ಲಿ ಅಚ್ಚಾಗಿ ಕಚೇರಿಯ ಗೋಡೆಯ ಮೇಲೂ ತೂಗುವ ಈ ವಾಕ್ಯಕ್ಕೆ ಅದು ಹೇಳಿಕೊಳ್ಳುವಷ್ಟು ಬಲ ಇಲ್ಲವೆಂಬುದನ್ನೂ, ಮಾಲೀಕರ ನಿಜವಾದ ನಷ್ಟವನ್ನು ಅದಕ್ಕಿಂತ ಚೆನ್ನಾಗಿ ಕಾಯುವ ಬೇರೊಂದು ಷರತ್ತನ್ನು ಬರೆಯಲು ಸಾಧ್ಯವೆಂಬುದನ್ನೂ ತಮ್ಮ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಮೊದಲಿಗೆ, ಒಂದೇ ರಸೀದಿಯಲ್ಲಿ ಬೆರೆತುಹೋಗುವ ಮೂರು ಬಗೆಯ ಹಣವನ್ನು ಬೇರ್ಪಡಿಸಿ ನೋಡಬೇಕು. ಬಾಡಿಗೆಯೆಂದರೆ ನಿಗದಿಯಾದ ಅವಧಿಗೆ, ಸಾಮಾನ್ಯವಾಗಿ ಮುಹೂರ್ತದ ಹಿಂದಿನ ದಿನ ಮಧ್ಯಾಹ್ನದಿಂದ ಮುಹೂರ್ತದ ದಿನ ಸಂಜೆಯವರೆಗೆ, ಮಂಟಪವನ್ನು ಬಳಸಿದ್ದಕ್ಕೆ ಕೊಡುವ ಪ್ರತಿಫಲ. ಮುಂಗಡವೆಂದರೆ ಆ ಬಾಡಿಗೆಯ ಒಂದು ಭಾಗವನ್ನು ಮೊದಲೇ ಪಾವತಿಸುವುದು. ಮಾತಿಗೆ ತಪ್ಪುವುದಿಲ್ಲವೆಂಬ ಖಾತರಿಯಾಗಿ ಕೊಡುವ ಸಂಚಕಾರದ ಗುಣವೂ ಅದರಲ್ಲಿ ಸ್ವಲ್ಪಮಟ್ಟಿಗೆ ಇರಬಹುದು, ಆದರೆ ಬಾಡಿಗೆಯ ಅರ್ಧದಷ್ಟು ಹಣ ಕಟ್ಟಿಸಿಕೊಂಡು ಅದೆಲ್ಲವನ್ನೂ ಸಂಚಕಾರವೆಂದು ಕರೆಯಲು ಬರುವುದಿಲ್ಲ. ಠೇವಣಿಯೆಂದರೆ ಕಟ್ಟಡಕ್ಕೋ ಪಾತ್ರೆ, ಕುರ್ಚಿಗಳಿಗೋ ಹಾನಿಯಾದರೆ ಅದನ್ನು ತುಂಬಿಕೊಳ್ಳಲು ಇರಿಸಿಕೊಳ್ಳುವ, ಮೂಲತಃ ಕುಟುಂಬಕ್ಕೇ ಸೇರಿದ ಹಣ. ಮದುವೆ ರದ್ದಾದಾಗ ಈ ಮೂರನ್ನೂ ಒಂದೇ ಗಂಟಾಗಿ ಮುಟ್ಟುಗೋಲು ಹಾಕಿಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಯಾರೂ ಕಾಲಿಡದ ಸಭಾಂಗಣದಲ್ಲಿ ಕುರ್ಚಿ ಮುರಿಯುವ ಸಂಭವವೇ ಇಲ್ಲದಿರುವುದರಿಂದ, ಠೇವಣಿಯನ್ನು ಉಳಿಸಿಕೊಳ್ಳಲು ಯಾವ ವಾದವೂ ಒದಗುವುದಿಲ್ಲ.

ಮಾಲೀಕರ ಕಷ್ಟ ಕಲ್ಪಿತವಾದದ್ದಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ಮಂಟಪದ ಸರಕು ದಿನಾಂಕ, ಮತ್ತು ದಾಟಿಹೋದ ದಿನಾಂಕವನ್ನು ಮಾರಲಾಗುವುದಿಲ್ಲ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಬಹುಪಾಲು ಮಂಟಪಗಳು ಮದುವೆಗಳಿಲ್ಲದೆ ಖಾಲಿಯಿರುತ್ತವೆ. ಗುರು ಅಥವಾ ಶುಕ್ರ ಅಸ್ತವಾದ ದಿನಗಳನ್ನು ಅನೇಕ ಕುಟುಂಬಗಳು ಬಿಡುತ್ತವೆ. ಅಧಿಕ ಮಾಸ ಬಂದ ವರ್ಷ ಇನ್ನೊಂದು ತಿಂಗಳು ಕೈತಪ್ಪುತ್ತದೆ. 2023ರಲ್ಲಿ ಬಂದ ಅಧಿಕ ಶ್ರಾವಣ ಆಷಾಢದ ಬೆನ್ನಿಗೇ ಇದ್ದುದರಿಂದ ಬಿಡುವಿನ ಕಾಲ ಉದ್ದವಾಯಿತು. 2026ರ ಅಧಿಕ ಜ್ಯೇಷ್ಠವಂತೂ ಮೇ ತಿಂಗಳ ನಡುವಿನಿಂದ ಜೂನ್ ನಡುವಿನವರೆಗೆ, ಶಾಲೆಗಳ ರಜೆಯೂ ಮದುವೆಗಳ ಸುಗ್ಗಿಯೂ ಕೂಡುವ ಕಾಲದ ಮೇಲೆಯೇ ಬೀಳುತ್ತದೆ. ಹೀಗೆ ವರ್ಷದ ಗಳಿಕೆಯೆಲ್ಲ ಕೆಲವೇ ಮುಹೂರ್ತದ ದಿನಗಳ ಮೇಲೆ ನಿಂತಿರುವಾಗ, ಕುಟುಂಬವೊಂದು ದಿನವನ್ನು ಹಿಡಿದಿಟ್ಟು ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಟ್ಟರೆ ಆಗುವ ನಷ್ಟಕ್ಕೆ ಪರಿಹಾರ ಕೇಳುವುದು ಸರ್ವಥಾ ನ್ಯಾಯ. ಪ್ರಶ್ನೆಯಿರುವುದು ಪರಿಹಾರ ಎಷ್ಟು ಮತ್ತು ಯಾವ ಲೆಕ್ಕದ ಮೇಲೆ ಎಂಬುದರಲ್ಲಿ.

ಇದಕ್ಕೆ ಕರಾರು ಕಾಯ್ದೆಯ 74ನೆಯ ಪ್ರಕರಣ ಉತ್ತರ ಕೊಡುತ್ತದೆ. ಕರಾರು ಮುರಿದವರು ಇಂತಿಷ್ಟು ಹಣ ತೆರಬೇಕೆಂದು ಕರಾರಿನಲ್ಲೇ ಬರೆದಿದ್ದರೆ, ನೊಂದ ಪಕ್ಷಕ್ಕೆ ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರ ಸಿಗಬೇಕೆಂಬುದು ಅದರ ಸಾರ. ಎಂದರೆ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ತಾನಾಗಿ ಕೈಸೇರುವ ದಂಡವಲ್ಲ. ಸುಪ್ರೀಂ ಕೋರ್ಟು ಇದನ್ನು ಹಲವು ಸಲ ವಿವರಿಸಿದೆ. ಫತೇ ಚಂದ್ ಮೊಕದ್ದಮೆಯ 1963ರ ತೀರ್ಪಿನಲ್ಲಿ, ಆಸ್ತಿಯ ಕ್ರಯದ ಕರಾರು ಮುರಿದುಬಿದ್ದಾಗ ಮಾರಾಟಗಾರ ಸಂಚಕಾರವಾಗಿ ಪಡೆದಿದ್ದ 1,000 ರೂಪಾಯಿಯನ್ನು ಉಳಿಸಿಕೊಳ್ಳಬಹುದೆಂದೂ, ಬೆಲೆಯ ಭಾಗವಾಗಿ ಪಡೆದಿದ್ದ 24,000 ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದೆಂದೂ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮೌಲಾ ಬಕ್ಷ್ ಎಂಬ ಗುತ್ತಿಗೆದಾರ ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವುದರಲ್ಲಿ ತಪ್ಪಿದಾಗ ಸರ್ಕಾರ ಅವನ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಅದೇ ಸರಕನ್ನು ಬೇರೆ ಕಡೆ ಯಾವ ದರಕ್ಕೆ ಕೊಂಡಿತೆಂದು ತೋರಿಸಿ ನಷ್ಟವನ್ನು ಸುಲಭವಾಗಿ ರುಜುವಾತುಪಡಿಸಬಹುದಾಗಿದ್ದರೂ ಸರ್ಕಾರ ಹಾಗೆ ಮಾಡಲಿಲ್ಲವೆಂಬ ಕಾರಣಕ್ಕೆ 1969ರಲ್ಲಿ ಆ ಮುಟ್ಟುಗೋಲು ನಿಲ್ಲಲಿಲ್ಲ. 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ 78 ಲಕ್ಷ ರೂಪಾಯಿ ಸಂಚಕಾರವನ್ನು ಉಳಿಸಿಕೊಂಡು ಅದೇ ನಿವೇಶನವನ್ನು ಮೂರು ಪಟ್ಟಿಗೂ ಹೆಚ್ಚಿನ ಬೆಲೆಗೆ ಮಾರಿತ್ತು. ನಷ್ಟವೇ ಆಗದಿರುವಾಗ ಪರಿಹಾರವೆಲ್ಲಿಯದು ಎಂದು ಕೇಳಿದ ನ್ಯಾಯಾಲಯ ಹಣವನ್ನು ಹಿಂತಿರುಗಿಸಲು ಹೇಳಿತು. ನಷ್ಟವನ್ನು ಅಳೆಯುವುದೇ ಅಸಾಧ್ಯವಾದ ಕರಾರುಗಳಲ್ಲಿ ಮೊದಲೇ ಅಂದಾಜಿಸಿ ಬರೆದ ಮೊತ್ತಕ್ಕೆ ಮನ್ನಣೆಯುಂಟೆಂಬುದೂ ಇದೇ ತೀರ್ಪುಗಳಲ್ಲಿದೆ.

ಮಂಟಪದ ನಷ್ಟ ಅಳೆಯಲಾಗದ ಜಾತಿಯದಲ್ಲ. ಕಚೇರಿಯ ಮೇಜಿನ ಮೇಲಿರುವ ಬುಕಿಂಗ್ ಡೈರಿಯೇ ಅದರ ಅಳತೆಗೋಲು: ಬಿಟ್ಟುಕೊಟ್ಟ ದಿನಾಂಕದ ಪುಟದಲ್ಲಿ ಬೇರೊಂದು ಹೆಸರು ಬಿದ್ದಿತೇ, ಎಂದು ಬಿದ್ದಿತು, ಎಷ್ಟು ಬಾಡಿಗೆಗೆ ಎಂಬುದು ಅಲ್ಲಿಯೇ ಬರೆದಿರುತ್ತದೆ. ಇದಲ್ಲದೆ 73ನೆಯ ಪ್ರಕರಣದ ವಿವರಣೆಯಂತೆ, ನಷ್ಟವನ್ನು ತಗ್ಗಿಸಿಕೊಳ್ಳಲು ಇದ್ದ ಮಾರ್ಗಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಆದ್ದರಿಂದ ಆ ದಿನಕ್ಕಾಗಿ ಕೇಳಿಕೊಂಡು ಬಂದವರನ್ನು ಹಿಂದೆ ಕಳುಹಿಸಿ ಪೂರ್ತಿ ಮುಂಗಡವನ್ನು ಉಳಿಸಿಕೊಂಡವರ ವಾದ ದುರ್ಬಲವಾಗುತ್ತದೆ.

ಅಂಕಿಗಳಲ್ಲಿ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಜಿಲ್ಲಾ ಕೇಂದ್ರವೊಂದರ ಮಂಟಪದ ಎರಡು ದಿನದ ಬಾಡಿಗೆ 1,60,000 ರೂಪಾಯಿ, ಮುಂಗಡ 80,000, ಠೇವಣಿ 25,000 ಎಂದಿಟ್ಟುಕೊಳ್ಳಬಹುದು. ಮದುವೆಗೆ ಮೂರು ತಿಂಗಳಿರುವಾಗ ವರನ ತಂದೆ ತೀರಿಕೊಂಡು, ಮನೆಯವರು ವರ್ಷ ಕಳೆಯುವವರೆಗೆ ಶುಭಕಾರ್ಯ ಬೇಡವೆಂದು ನಿರ್ಧರಿಸಿ ಮಂಟಪವನ್ನು ಬಿಟ್ಟುಕೊಡುತ್ತಾರೆ. ಕೆಲವು ವಾರಗಳಲ್ಲಿ ಅದೇ ದಿನಕ್ಕೆ ಉಪನಯನವೊಂದು ಬರುತ್ತದೆ, ಆದರೆ ಅವರಿಗೆ ಬೇಕಾದದ್ದು ಒಂದೇ ದಿನ, ಬಾಡಿಗೆ 1,10,000. ಮದುವೆ ನಡೆದಿದ್ದರೆ ಬಾಡಿಗೆಯೊಳಗೇ ಸೇರಿದ ನೀರು, ಶುಚಿತ್ವ, ಆಳುಕಾಳುಗಳ ಖರ್ಚು 20,000 ಆಗಿ ಮಾಲೀಕರಿಗೆ 1,40,000 ಉಳಿಯುತ್ತಿತ್ತು. ಉಪನಯನದಲ್ಲಿ ಖರ್ಚು 12,000 ಆಗಿ ಉಳಿಯುವುದು 98,000. ನಷ್ಟ 42,000 ರೂಪಾಯಿ. ಮುಂಗಡದಲ್ಲಿ ಅಷ್ಟನ್ನು ಉಳಿಸಿಕೊಂಡು 38,000 ರೂಪಾಯಿಯನ್ನೂ ಠೇವಣಿಯ 25,000 ರೂಪಾಯಿಯನ್ನೂ, ಒಟ್ಟು 63,000 ರೂಪಾಯಿಯನ್ನು ಕುಟುಂಬಕ್ಕೆ ಹಿಂತಿರುಗಿಸುವುದು ಈ ಪ್ರಸಂಗದ ಸರಿಯಾದ ಲೆಕ್ಕ. ಅದೇ ದಿನಕ್ಕೆ ಅದೇ ಬಾಡಿಗೆಗೆ ಬೇರೊಂದು ಮದುವೆಯೇ ಬಂದಿದ್ದರೆ, ಕಚೇರಿಯ ಸಣ್ಣಪುಟ್ಟ ಖರ್ಚನ್ನು ಬಿಟ್ಟು ಉಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ. ಯಾರೂ ಬಾರದೆ ದಿನ ಖಾಲಿಯೇ ಕಳೆದಿದ್ದರೆ ನಷ್ಟ 1,40,000 ಆಗಿ, ಮುಂಗಡದ 80,000 ಪೂರ್ತಿ ಮಾಲೀಕರಿಗೆ ಸಲ್ಲುತ್ತಿತ್ತು. ಮುಂಗಡವನ್ನೇ ಪರಿಹಾರದ ಮೊತ್ತವೆಂದು ತಾವೇ ಬರೆದಿಟ್ಟಿರುವಾಗ ಅದಕ್ಕಿಂತ ಹೆಚ್ಚು ಕೇಳಲು ಮಾತ್ರ ಬರುವುದಿಲ್ಲ. ಒಂದೇ ಮುಂಗಡಕ್ಕೆ ಮೂರು ಉತ್ತರಗಳು ಬರುವುದನ್ನು ಗಮನಿಸಬೇಕು. ಒಂದೇ ದಿನಕ್ಕೆ ಎರಡು ಬಾಡಿಗೆ ಎಣಿಸಿಕೊಳ್ಳುವ ಈಗಿನ ಷರತ್ತು ಈ ಮೂರಕ್ಕೂ ಒಂದೇ ಉತ್ತರ ಕೊಡುತ್ತದೆ.

ಹಾಗಾದರೆ ಷರತ್ತನ್ನು ಬರೆಯುವುದು ಹೇಗೆ? ರದ್ದತಿಯ ಸೂಚನೆ ಎಷ್ಟು ದಿನ ಮೊದಲು ಬಂತೆಂಬುದರ ಮೇಲೆ ಏರುವ ಮೆಟ್ಟಿಲುಗಳನ್ನು ಇಟ್ಟುಕೊಳ್ಳಬಹುದು: ಆರು ತಿಂಗಳಿಗೂ ಮೊದಲಾದರೆ ಮುಂಗಡದ ಹತ್ತನೆಯ ಒಂದು ಭಾಗ, ಮೂರರಿಂದ ಆರು ತಿಂಗಳಾದರೆ ಕಾಲುಭಾಗ, ಒಂದರಿಂದ ಮೂರು ತಿಂಗಳಾದರೆ ಅರ್ಧ, ಕೊನೆಯ ತಿಂಗಳಲ್ಲಾದರೆ ಪೂರ್ತಿ ಎಂಬಂತೆ. ಮುಹೂರ್ತಗಳ ಒತ್ತಡವಿರುವ ತಿಂಗಳುಗಳಿಗೆ ಬೇರೆ ಅನುಪಾತವಿರಬಹುದು. ಆದರೆ ಮೆಟ್ಟಿಲುಗಳಷ್ಟೇ ಸಾಲವು. ಆ ದಿನ ಮತ್ತೆ ಬಾಡಿಗೆಗೆ ಹೋದರೆ ನಿಜವಾದ ನಷ್ಟವನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು, ದಿನಾಂಕ ದಾಟಿದ ಹದಿನೈದು ದಿನಗಳೊಳಗೆ, ಡೈರಿಯ ಸಂಬಂಧಪಟ್ಟ ನಮೂದನ್ನು ತೋರಿಸಿ ಹಿಂತಿರುಗಿಸಲಾಗುವುದೆಂಬ ಇನ್ನೊಂದು ವಾಕ್ಯವೂ ಜೊತೆಗಿರಬೇಕು. ಸೂಚನೆಯನ್ನು ಬರಹದಲ್ಲಿ ಕೊಡಬೇಕೆಂದೂ, ಅದು ಮಂಟಪದ ಕೈಸೇರಿದ ದಿನದಿಂದಲೇ ಎಣಿಕೆ ಆರಂಭವೆಂದೂ ಬರೆದಿದ್ದರೆ, ವ್ಯವಸ್ಥಾಪಕರಿಗೆ ಫೋನಿನಲ್ಲಿ ಹೇಳಿದ್ದೆವೆಂಬ ಜಗಳ ತಪ್ಪುತ್ತದೆ. ಮುಂಗಡದ ಮೇಲೆ ಜಿಎಸ್‌ಟಿ ವಸೂಲು ಮಾಡಿದ್ದರೆ, ಹಿಂತಿರುಗಿಸುವ ಭಾಗದ ತೆರಿಗೆಯನ್ನೂ ಸೇರಿಸಿ ಮರುಪಾವತಿ ಚೀಟಿಯೊಂದಿಗೆ ಕೊಡಬೇಕು. ತೆರಿಗೆ ಸರ್ಕಾರಕ್ಕೆ ಹೋಯಿತೆಂಬ ಮಾತು ಕುಟುಂಬಕ್ಕೆ ಕೊಡುವ ಪೂರ್ಣ ಉತ್ತರವಲ್ಲ.

ರದ್ದತಿಯೆಂದು ಎಣಿಸಬಾರದ ಒಂದು ಪ್ರಸಂಗವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಸೂತಕ ಬಂದು ಮದುವೆಯನ್ನು ಕೆಲವು ವಾರ ಮುಂದಕ್ಕೆ ಹಾಕಿ, ಅದೇ ಮಂಟಪದಲ್ಲಿ ಬೇರೊಂದು ದಿನ ಕೇಳುವವರು ಕರಾರು ಮುರಿದವರಲ್ಲ, ದಿನ ಬದಲಿಸಿದವರು. ಅವರ ಮುಂಗಡವನ್ನು ಹೊಸ ದಿನಕ್ಕೆ ವರ್ಗಾಯಿಸಿ, ಬಾಡಿಗೆಯಲ್ಲಿ ವ್ಯತ್ಯಾಸವಿದ್ದರೆ ಅದನ್ನಷ್ಟೇ ಪಡೆಯುವುದನ್ನು ಹಲವು ಹಳೆಯ ಛತ್ರಗಳು ಬರಹದ ಷರತ್ತಿಲ್ಲದೆಯೇ ಮಾಡಿಕೊಂಡು ಬಂದಿವೆ; ಕೊರತೆಯಿರುವುದು ಅದು ಕಾಗದದ ಮೇಲೆ ಬಾರದಿರುವುದರಲ್ಲಿ.

ಯಾರ ತಪ್ಪೂ ಇಲ್ಲದೆ ಕರಾರು ನೆರವೇರದ ಸಂದರ್ಭ ಇನ್ನೊಂದು. 2020ರ ಲಾಕ್‌ಡೌನ್ ಅವಧಿಯಲ್ಲಿ ಮಂಟಪಗಳ ಬಾಗಿಲು ಸರ್ಕಾರದ ಆದೇಶದಿಂದಲೇ ಮುಚ್ಚಿತ್ತು. ನಡೆಸಲು ಅಸಾಧ್ಯವಾದ ಅಥವಾ ಕಾನೂನುಬಾಹಿರವಾದ ಕರಾರು ಶೂನ್ಯವಾಗುತ್ತದೆಂದು ಕರಾರು ಕಾಯ್ದೆಯ 56ನೆಯ ಪ್ರಕರಣವೂ, ಶೂನ್ಯವಾದ ಕರಾರಿನಡಿ ಪಡೆದ ಲಾಭವನ್ನು ಹಿಂತಿರುಗಿಸಬೇಕೆಂದು 65ನೆಯ ಪ್ರಕರಣವೂ ಹೇಳುತ್ತವೆ. ಅಂಥಲ್ಲಿ ಮುಟ್ಟುಗೋಲಿನ ಮಾತೇ ಏಳುವುದಿಲ್ಲ. ಇನ್ನು ಮಂಟಪವೇ ದಿನವನ್ನು ರದ್ದುಪಡಿಸಿದರೆ ಏನೆಂಬುದರ ಬಗ್ಗೆ ಅಚ್ಚಾದ ಷರತ್ತುಗಳು ಒಂದೋ ಮೌನವಾಗಿರುತ್ತವೆ, ಇಲ್ಲವೇ ಕಟ್ಟಿದ ಹಣವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಲಗ್ನಪತ್ರಿಕೆ ಹಂಚಿಯಾದ ಮೇಲೆ ಮಂಟಪ ಕೈಕೊಟ್ಟರೆ ಕುಟುಂಬಕ್ಕಾಗುವ ನಷ್ಟ ಮುಂಗಡಕ್ಕಿಂತ ಎಷ್ಟೋ ದೊಡ್ಡದು. ಕುಟುಂಬಕ್ಕೆ ಹಾಕಿದ ಅಳತೆಯನ್ನೇ ತಮಗೂ ಹಾಕಿಕೊಂಡು, ಅಷ್ಟೇ ಮೊತ್ತದ ಪರಿಹಾರವನ್ನಾದರೂ ಬರೆದುಕೊಡುವುದು ಮರ್ಯಾದೆ.

ಅಡುಗೆಯ ನಿಯಮಗಳ ವಿಷಯದಲ್ಲಿ ತಕರಾರು ಹುಟ್ಟುವುದು ನಿಯಮಗಳಿಂದ ಎನ್ನುವುದಕ್ಕಿಂತ ಅವು ತಡವಾಗಿ ತಿಳಿಯುವುದರಿಂದ. ದೇವಸ್ಥಾನದ ಟ್ರಸ್ಟಿನ ಮಂಟಪದಲ್ಲಿ ಸಸ್ಯಾಹಾರವಷ್ಟೇ ಎಂಬ ನಿಯಮವನ್ನಾಗಲಿ, ಅಡುಗೆಯ ಗುತ್ತಿಗೆದಾರರು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಹೊಂದಿರಬೇಕೆಂಬುದನ್ನಾಗಲಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಮುಂಗಡ ಕಟ್ಟಿದ ಮೇಲೆ, ಮಂಟಪ ಗೊತ್ತುಮಾಡಿದ ಗುತ್ತಿಗೆದಾರರಿಂದಲೇ ಅಡುಗೆ ಮಾಡಿಸಬೇಕೆಂದೋ, ಮನೆತನದ ಅಡುಗೆ ಭಟ್ಟರನ್ನು ಕರೆತಂದರೆ ಅದಕ್ಕೆ ಪ್ರತ್ಯೇಕ ಶುಲ್ಕವಿದೆಯೆಂದೋ ತಿಳಿಯುವ ಕುಟುಂಬದ ಸ್ಥಿತಿ ಬೇರೆ. ಹಿಂದೆ ಸರಿದರೆ ಮುಂಗಡ ಹೋಗುತ್ತದೆ, ಮುಂದುವರಿದರೆ ಹೇಳಿದ ದರ ಕೊಡಬೇಕು. ಒಂದು ಸೇವೆ ಸಿಗಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಇರಿಸಿದೆ. ಹೊರಗಿನ ಅಡುಗೆಯವರಿಗೆ ಅಡುಗೆಮನೆ, ಪಾತ್ರೆ, ನೀರು, ಕಸದ ವಿಲೇವಾರಿಗೆಂದು ಶುಲ್ಕ ಹಾಕುವುದಾದರೆ, ಅದನ್ನು ಬಾಡಿಗೆಯ ಪಕ್ಕದಲ್ಲೇ, ಮುಂಗಡ ಪಡೆಯುವ ಮೊದಲೇ ಬರೆದು ತೋರಿಸಬೇಕೆಂಬುದಷ್ಟೇ ಕೋರಿಕೆ.

ಮಂಟಪದವರೇ ಊಟವನ್ನೂ ವಹಿಸಿಕೊಂಡಲ್ಲಿ ಎಲೆಯ ಲೆಕ್ಕ ಮುಖ್ಯವಾಗುತ್ತದೆ. ಕನಿಷ್ಠ ಇಂತಿಷ್ಟು ಎಲೆಗೆ ಹಣ ಕೊಡಬೇಕೆಂಬ ಖಾತರಿಯನ್ನು ತಿಂಗಳುಗಳ ಮೊದಲೇ ಬರೆಸಿಕೊಳ್ಳಲಾಗುತ್ತದೆ, ಆದರೆ ದಿನಸಿ, ತರಕಾರಿಗಳ ಖರೀದಿ ನಡೆಯುವುದು ಕೊನೆಯ ವಾರದಲ್ಲಿ. ಹಾಗಿರುವಾಗ ಅಂತಿಮ ಸಂಖ್ಯೆಯನ್ನು ತಿಳಿಸಲು ಹತ್ತು ದಿನ ಮೊದಲಿನವರೆಗೆ ಅವಕಾಶ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಊಟದ ದಿನ ಎಣಿಸುವುದು ಖರ್ಚಾದ ಎಲೆಯನ್ನೋ, ಪಂಕ್ತಿಯಲ್ಲಿ ಕುಳಿತವರನ್ನೋ ಎಂಬುದೂ ಬರಹದಲ್ಲಿರಬೇಕು, ಏಕೆಂದರೆ ಹರಿದ ಎಲೆ, ಹಾಕಿಯೂ ಯಾರೂ ಕೂರದ ಎಲೆ, ಬಡಿಸುವವರು ಉಂಡ ಎಲೆ ಎಲ್ಲವೂ ಕಟ್ಟುಗಳ ಲೆಕ್ಕದಲ್ಲಿ ಸೇರಿಹೋಗುತ್ತವೆ. ಪ್ರತಿ ಪಂಕ್ತಿ ಏಳುವ ಮೊದಲು ಎರಡೂ ಕಡೆಯ ಒಬ್ಬೊಬ್ಬರು ನಿಂತು ಎಣಿಸಿ ಒಂದೇ ಚೀಟಿಗೆ ಸಹಿ ಹಾಕುವ ಪದ್ಧತಿಯಿರುವಲ್ಲಿ, ಬೀಗರೂಟದ ಸಂಜೆ ಲೆಕ್ಕದ ಜಗಳ ನಡೆಯುವುದು ಅಪರೂಪ.

ಠೇವಣಿಯ ವಿಷಯ ಹೆಚ್ಚು ಸರಳ, ಹಾಗಿದ್ದೂ ಹೆಚ್ಚು ಕಹಿ, ಏಕೆಂದರೆ ಅದು ಇತ್ಯರ್ಥವಾಗುವುದು ಹುಡುಗಿಯನ್ನು ಕಳುಹಿಸಿಕೊಟ್ಟು ದಣಿದ ಮನೆಯವರು ಸಾಮಾನು ಕಟ್ಟುತ್ತಿರುವ ಹೊತ್ತಿನಲ್ಲಿ. ಗೋಡೆಗೆ ಹತ್ತಿದ ಅರಿಶಿನದ ಕಲೆ, ಅಲಂಕಾರದವರು ಹೊಡೆದ ಮೊಳೆ, ಅಂಟುಪಟ್ಟಿಯೊಂದಿಗೆ ಎದ್ದುಬಂದ ಬಣ್ಣ, ಎಣಿಕೆಗೆ ಸಿಗದ ಸೌಟು, ಎಲೆಯ ತುಂಡು ಸಿಕ್ಕಿ ಕಟ್ಟಿಕೊಂಡ ಚರಂಡಿ, ಇವುಗಳಲ್ಲಿ ಯಾವುದು ಈ ಮದುವೆಯದು, ಯಾವುದು ಹಿಂದಿನ ಮದುವೆಯದು ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಹೇಳಲಾರರು. ಬೀಗದಕೈ ಕೊಡುವಾಗಲೇ ಎರಡೂ ಕಡೆಯವರು ಮಂಟಪ ಸುತ್ತಿ, ಇದ್ದ ಕಲೆ, ಬಿರುಕುಗಳ ಫೋಟೊ ತೆಗೆದು, ಪಾತ್ರೆ, ಕುರ್ಚಿಗಳ ಪಟ್ಟಿಗೂ ವಿದ್ಯುತ್ ಮೀಟರಿನ ಓದಿಗೂ ಜನರೇಟರಿನ ಗಂಟೆಗಳ ಓದಿಗೂ ಸಹಿ ಹಾಕಿದರೆ, ಬಿಟ್ಟುಕೊಡುವಾಗಿನ ಕೆಲಸ ಆ ಪಟ್ಟಿಯನ್ನು ಮತ್ತೊಮ್ಮೆ ಓದುವುದಷ್ಟೇ ಆಗುತ್ತದೆ. ವಿದ್ಯುತ್ತು ಮತ್ತು ಡೀಸೆಲ್ಲು ಬಳಕೆಯ ಬಿಲ್ಲುಗಳೇ ಹೊರತು ಹಾನಿಯಲ್ಲ. ಅವುಗಳನ್ನು ಠೇವಣಿಯಲ್ಲಿ ಮುರಿದುಕೊಳ್ಳುವುದಾದರೂ ಬೇರೆ ಸಾಲಿನಲ್ಲಿ ಬರೆಯಬೇಕು. ಆರು ವರ್ಷ ಬಳಸಿದ ಕುರ್ಚಿಗೆ ಹೊಸ ಕುರ್ಚಿಯ ಬೆಲೆ ಹಾಕುವುದು ಹಾನಿಯನ್ನು ತುಂಬಿಕೊಂಡಂತಲ್ಲ, ಹಳೆಯದನ್ನು ಹೊಸದು ಮಾಡಿಕೊಂಡಂತೆ. ದುರಸ್ತಿಯಾಗುವುದಕ್ಕೆ ದುರಸ್ತಿಯ ಖರ್ಚನ್ನೂ, ಆಗದಿದ್ದುದಕ್ಕೆ ಸವೆತವನ್ನು ಕಳೆದ ಬೆಲೆಯನ್ನೂ ಹಿಡಿದು, ಉಳಿದ ಹಣವನ್ನು ಒಂದು ವಾರದೊಳಗೆ ಬ್ಯಾಂಕಿನ ಮೂಲಕ ಕಳುಹಿಸುವುದೆಂದು ಷರತ್ತಿನಲ್ಲಿ ಬರೆದರೆ ಸಾಕು.

ಇವಾವುವೂ ತಮ್ಮ ಔದಾರ್ಯಕ್ಕೆ ಮಾತ್ರ ಬಿಟ್ಟ ವಿಷಯಗಳಲ್ಲ. 2019ರ ಕಾಯ್ದೆಯ ವ್ಯಾಖ್ಯೆಯಂತೆ, ವಿಪರೀತ ಠೇವಣಿ ಕೇಳುವ ಅಥವಾ ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡ ವಿಧಿಸುವ ಏಕಪಕ್ಷೀಯ ಕರಾರು ಅನ್ಯಾಯದ ಕರಾರು ಎನಿಸಿಕೊಳ್ಳುತ್ತದೆ. ಅಂಥ ಕರಾರಿನ ವಿರುದ್ಧದ ದೂರು ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗುತ್ತದೆ. ಸೇವೆಯ ಲೋಪಕ್ಕಾಗಿ ಹಣ ಹಿಂದೆ ಕೇಳುವ ದೂರನ್ನು, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಯಾವ ಶುಲ್ಕವೂ ಇಲ್ಲದೆ, ಎರಡು ವರ್ಷಗಳೊಳಗೆ, ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ಮಂಗಳೂರಿನ ಮಂಟಪಕ್ಕೆ ಕಲಬುರಗಿಯಿಂದ ನೋಟಿಸು ಬರುವುದು ಹೀಗೆ. ಆದರೆ ಅಲ್ಲಿಯವರೆಗೆ ಹೋಗುವ ಕುಟುಂಬಗಳು ಕಡಿಮೆ. ಸಾವಿನ ಅಥವಾ ಮುರಿದ ಸಂಬಂಧದ ನೋವಿನಲ್ಲಿರುವವರು ಹಣ ಹೋಯಿತೆಂದು ಸುಮ್ಮನಾಗುತ್ತಾರೆ, ಮತ್ತು ಈಗಿನ ಷರತ್ತು ಉಳಿದುಬಂದಿರುವುದು ಬಹುಮಟ್ಟಿಗೆ ಆ ಮೌನದಿಂದಲೇ.

ಆದುದರಿಂದ, ಮುಂದಿನ ಸಲ ರಸೀದಿ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು ಬಾಡಿಗೆ, ಮುಂಗಡ, ಠೇವಣಿಗಳಿಗೆ ಮೂರು ಪ್ರತ್ಯೇಕ ಸಾಲುಗಳನ್ನು ಇರಿಸಬೇಕೆಂದೂ, ಮುಟ್ಟುಗೋಲಿನ ವಾಕ್ಯವನ್ನು ತೆಗೆದು ಮೇಲೆ ಹೇಳಿದ ಮೆಟ್ಟಿಲುಗಳನ್ನೂ ಮರುಬಾಡಿಗೆಯ ಲೆಕ್ಕವನ್ನೂ ಸೇರಿಸಬೇಕೆಂದೂ, ಅಡುಗೆಯ ಶುಲ್ಕಗಳನ್ನು ಅದೇ ಪುಟಕ್ಕೆ ತರಬೇಕೆಂದೂ, ಇದೆಲ್ಲವನ್ನೂ ಕನ್ನಡದಲ್ಲಿ, ಓದಲಾಗುವ ಗಾತ್ರದ ಅಕ್ಷರಗಳಲ್ಲಿ ಮುದ್ರಿಸಿ ಸಹಿಗೆ ಮೊದಲು ಒಂದು ಪ್ರತಿಯನ್ನು ಮನೆಗೆ ಒಯ್ಯಲು ಕೊಡಬೇಕೆಂದೂ ತಮ್ಮಲ್ಲಿ ವಿನಂತಿ.

ಇತಿ,
ತಮ್ಮ ವಿಶ್ವಾಸಿ,
ಗ್ರಾಹಕ ಕಾನೂನಿನ ಒಬ್ಬ ಅಭ್ಯಾಸಿ